ಊಟವೇ ಇಲ್ಲದ ದಿನ ಶುಗರ್ ಯಾವಾಗ ನೋಡಬೇಕು?

ಪ್ರಶ್ನೆ: ನಮ್ಮ ಅಪ್ಪನಿಗೆ 61 ವರ್ಷ. 14 ವರ್ಷದಿಂದ ಶುಗರ್ ಇದೆ. ಬೆಳಗ್ಗೆ ಡಾಪಾಗ್ಲಿಫ್ಲೋಜಿನ್ 10, ಎರಡು ಹೊತ್ತು ಊಟಕ್ಕೆ ಮುಂಚೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್ ಮೂರೂ ಸೇರಿದ ಮಾತ್ರೆ, ರಾತ್ರಿ ಮಲಗುವಾಗ ಗ್ಲಾರ್ಜಿನ್ ಇನ್ಸುಲಿನ್ 18 ಯೂನಿಟ್. ಮುಂದಿನ ಶುಕ್ರವಾರ ಬೆಳಗ್ಗೆ 9ಕ್ಕೆ ಕೊಲೊನೋಸ್ಕೋಪಿ. ಗುರುವಾರ ಇಡೀ ದಿನ ತಿಳಿ ದ್ರವ ಮಾತ್ರ ಅಂದಿದ್ದಾರೆ. ಕರುಳು ಖಾಲಿ ಮಾಡುವ ಪುಡಿ ಎರಡು ಲೀಟರ್ ನೀರಿಗೆ, ಅರ್ಧ ಗುರುವಾರ ಸಂಜೆ 6ಕ್ಕೆ, ಇನ್ನರ್ಧ ಶುಕ್ರವಾರ ಬೆಳಗಿನ ಜಾವ 4ಕ್ಕೆ. ಚೀಟಿಯಲ್ಲಿ ಶುಗರ್ ಬಗ್ಗೆ ಒಂದೇ ಸಾಲು: "ನಿಮ್ಮ ವೈದ್ಯರನ್ನು ಕೇಳಿ." ನಾವು ಮಾಮೂಲಿಯಾಗಿ ಖಾಲಿ ಹೊಟ್ಟೆಯಲ್ಲಿ ಒಂದು ಸಲ, ತಿಂಡಿ ಆಗಿ ಎರಡು ಗಂಟೆಗೆ ಒಂದು ಸಲ ನೋಡ್ತೀವಿ. ಅಪ್ಪ "ತಿನ್ನೋದೇ ಇಲ್ಲ ಅಂದ್ಮೇಲೆ ಶುಗರ್ ಎಲ್ಲಿಂದ ಬರುತ್ತೆ, ಬೆರಳು ಯಾಕೆ ಚುಚ್ತೀಯ" ಅಂತಾರೆ. ಎಷ್ಟು ಸಲ ನೋಡಬೇಕು? ಸಕ್ಕರೆ ಹಾಕಿದ ನೀರು ಕೊಡಬಹುದಾ?

ಉತ್ತರ: ತಂದೆಯವರ ಮಾತನ್ನೇ ಮೊದಲು ನೋಡೋಣ. ಅದರಲ್ಲಿ ಅರ್ಧ ನಿಜ ಇದೆ. ತಿನ್ನದ ದಿನ ಶುಗರ್ ಬಹಳ ಏರುವುದಿಲ್ಲ. ಆದರೆ ಅವತ್ತು ಬೆರಳು ಚುಚ್ಚುವುದು ಏರಿಕೆ ನೋಡುವುದಕ್ಕಲ್ಲ, ಇಳಿಕೆ ಹಿಡಿಯುವುದಕ್ಕೆ. ಬುಧವಾರ ರಾತ್ರಿ ಚುಚ್ಚಿಕೊಂಡ ಗ್ಲಾರ್ಜಿನ್ ಸುಮಾರು 24 ಗಂಟೆ ಕೆಲಸ ಮಾಡುತ್ತದೆ. ಅಂದರೆ ಗುರುವಾರ ರಾತ್ರಿ ಎಂಟಕ್ಕೂ ಅದು ದೇಹದಲ್ಲಿ ಇರುತ್ತದೆ. ಗ್ಲಿಮೆಪಿರೈಡ್ ಕೂಡ ಹಾಗೆಯೇ. ಅದು ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಗೆ ತರುತ್ತದೆ, ಎದುರಿಗೆ ಅನ್ನ ಇದೆಯೋ ಬರೀ ಎಳನೀರು ಇದೆಯೋ ಅದು ನೋಡುವುದಿಲ್ಲ. ಒಂದು ಸಲ ನುಂಗಿದರೆ ಒಂದು ದಿನದವರೆಗೂ ಅದರ ಪ್ರಭಾವ ಇರಬಹುದು, ಕಿಡ್ನಿ ನಿಧಾನ ಇದ್ದವರಲ್ಲಿ ಇನ್ನೂ ಜಾಸ್ತಿ.

ನಿಮ್ಮ ಮಾಮೂಲಿ ಪದ್ಧತಿ ಗುರುವಾರಕ್ಕೆ ಹೊಂದುವುದಿಲ್ಲ. "ತಿಂಡಿ ಆಗಿ ಎರಡು ಗಂಟೆ" ಅನ್ನುವುದಕ್ಕೆ ಅವತ್ತು ತಿಂಡಿಯೇ ಇಲ್ಲವಲ್ಲ. ಊಟವನ್ನು ಲೆಕ್ಕಕ್ಕೆ ಇಟ್ಟುಕೊಂಡು ನೋಡುವ ಬದಲು ಗಡಿಯಾರ ನೋಡಿ ಪರೀಕ್ಷೆ ಮಾಡಬೇಕು. ಎಷ್ಟು ಹೊತ್ತಿಗೊಮ್ಮೆ ಅನ್ನುವುದು ದೇಹದಲ್ಲಿ ಯಾವ ಔಷಧಿ ಉಳಿದಿದೆ ಅನ್ನುವುದರ ಮೇಲೆ ನಿಂತಿದೆ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ದಿನಕ್ಕೆ ಮೂರ್ನಾಲ್ಕು ಸಲ ಸಾಕು, ಆ ಮಾತ್ರೆ ಒಂದೇ ಆಗಿದ್ದರೆ ಶುಗರ್ ಕೆಳಗೆ ಬೀಳುವುದು ತೀರಾ ಅಪರೂಪ. ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್ ಎರಡೂ ಇರುವ ನಿಮ್ಮ ತಂದೆಯವರ ಲೆಕ್ಕವೇ ಬೇರೆ.

ಅದಕ್ಕೇ ಔಷಧಿಯಿಂದ ಶುರು ಮಾಡುತ್ತೇನೆ. ಇಲ್ಲಿ ಬರೆಯುವುದು ಇಂಥವರಿಗೆ ನಾನು ಸಾಮಾನ್ಯವಾಗಿ ಹೇಳುವ ಕ್ರಮ. ಅವರ ಕ್ರಿಯಾಟಿನಿನ್ ನನಗೆ ಗೊತ್ತಿಲ್ಲ, ಇತ್ತೀಚಿನ ಶುಗರ್ ಗೊತ್ತಿಲ್ಲ. ಹಾಗಾಗಿ ಇದನ್ನು ಹಾಗೇ ಮಾಡಬೇಡಿ. ಸೋಮವಾರದೊಳಗೆ ಅವರಿಗೆ ಶುಗರ್ ನೋಡುವ ವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ.

ಮೊದಲು ನಿಲ್ಲಬೇಕಾದದ್ದು ಡಾಪಾಗ್ಲಿಫ್ಲೋಜಿನ್. ಪರೀಕ್ಷೆಗೆ ಕನಿಷ್ಠ ಮೂರು ದಿನ ಮುಂಚೆ. ಸೋಮವಾರ ಬೆಳಗ್ಗೆಯದು ಕೊನೆಯ ಮಾತ್ರೆ, ಮಂಗಳವಾರದಿಂದ ಇಲ್ಲ. ಯಾಕೆ ಅನ್ನುವುದು ಮುಂದೆ ಬರುತ್ತದೆ. ಮೂರು ಔಷಧಿ ಸೇರಿದ ಮಾತ್ರೆ ಬುಧವಾರ ಬೆಳಗ್ಗೆಯದೇ ಕೊನೆ. ಬುಧವಾರ ರಾತ್ರಿ ಊಟ ಇರುತ್ತದೆ, ಆದರೂ ಇನ್ಸುಲಿನ್ ಜೊತೆಗಿರುವವರಿಗೆ ರಾತ್ರಿಯ ಗ್ಲಿಮೆಪಿರೈಡ್ ಬಿಡಿಸುವುದೇ ನನ್ನ ರೂಢಿ, ಅದರ ಬಾಲ ಗುರುವಾರ ಬೆಳಗ್ಗೆವರೆಗೂ ಇರುತ್ತದೆ ಅಂತ. ಗುರುವಾರ ಮತ್ತು ಶುಕ್ರವಾರ ಬೆಳಗ್ಗೆ ಆ ಮಾತ್ರೆ ಇಲ್ಲವೇ ಇಲ್ಲ.

ಇನ್ಸುಲಿನ್‌ನಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿಯ ಡೋಸ್ ಮಾತ್ರ ಕಡಿಮೆ ಮಾಡುತ್ತಾರೆ. ಉಪವಾಸದ ದಿನಕ್ಕೆ ಕೆಲಸ ಮಾಡುವುದು ಅದರ ಹಿಂದಿನ ರಾತ್ರಿಯ ಡೋಸ್ ಅಲ್ವಾ? ಹಾಗಾಗಿ ಬುಧವಾರ ರಾತ್ರಿಯೇ 18ರ ಬದಲು 14 ಯೂನಿಟ್ ಆಸುಪಾಸು. ಗುರುವಾರ ರಾತ್ರಿ ಇನ್ನೂ ಕಡಿಮೆ, 10ರ ಆಸುಪಾಸು. ಮಂಗಳವಾರ, ಬುಧವಾರ ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಬರೆದಿಡಿ. ಅದು 90–100ರ ಹತ್ತಿರ ಇದ್ದರೆ ವೈದ್ಯರು ಇನ್ನೂ ಇಳಿಸಬಹುದು. 170–180 ಇದ್ದರೆ ಅಷ್ಟು ಇಳಿಸಬೇಕಿಲ್ಲ. ಡಾಪಾಗ್ಲಿಫ್ಲೋಜಿನ್ ನಿಂತ ಮೇಲೆ ಮಂಗಳವಾರ, ಬುಧವಾರ ಮೀಟರಿನಲ್ಲಿ 20–40 ಅಂಕಿ ಜಾಸ್ತಿ ಕಂಡರೆ ಗಾಬರಿಯಾಗಿ ಇನ್ಸುಲಿನ್ ಏರಿಸಬೇಡಿ. ಮೂತ್ರದಲ್ಲಿ ಹೋಗುತ್ತಿದ್ದ ಸಕ್ಕರೆ ಈಗ ಹೋಗುತ್ತಿಲ್ಲ, ಅಷ್ಟೇ.

ಈಗ ಗುರುವಾರ. ಬೆಳಗ್ಗೆ 6ಕ್ಕೆ ಎದ್ದ ತಕ್ಷಣ ಒಂದು ಸಲ. ಆಮೇಲೆ 9, 12, 3. ಸಂಜೆ 6ಕ್ಕೆ, ಪುಡಿಯ ನೀರು ಕುಡಿಯಲು ಶುರು ಮಾಡುವ ಮುಂಚೆ. ಅಲ್ಲಿಂದ ಎರಡೆರಡು ಗಂಟೆಗೆ: 8ಕ್ಕೆ, 10ಕ್ಕೆ. ನಡುರಾತ್ರಿ ಅಲಾರಾಂ ಇಟ್ಟು ಒಂದೂವರೆ ಹೊತ್ತಿಗೆ ಒಂದು. ಶುಕ್ರವಾರ 4ಕ್ಕೆ ಎದ್ದಾಗ ಒಂದು, 6:45ಕ್ಕೆ ಒಂದು, ಆಸ್ಪತ್ರೆ ತಲುಪಿದ ಮೇಲೆ ಒಂದು. ಇವುಗಳ ನಡುವೆ ಯಾವಾಗ ಸುಸ್ತು, ಬೆವರು, ನಡುಕ ಅಂದರೂ ಗಡಿಯಾರ ನೋಡದೆ ಚುಚ್ಚಿ. ಗಡಿಯಾರದ ಲೆಕ್ಕಕ್ಕೇ ಹನ್ನೊಂದು ಸ್ಟ್ರಿಪ್ ಆಗುತ್ತದೆ, ನಡುನಡುವೆ ನೋಡುವುದೂ ಸೇರಿದರೆ ಇನ್ನೂ ಜಾಸ್ತಿ. 25ರ ಡಬ್ಬಿ ಹೊಸದು ತನ್ನಿ, ಡೇಟ್ ನೋಡಿ ತನ್ನಿ. ರಾತ್ರಿ ಎರಡಕ್ಕೆ ಸ್ಟ್ರಿಪ್ ಖಾಲಿಯಾದರೆ ಯಾವ ಮೆಡಿಕಲ್ ಶಾಪೂ ತೆರೆದಿರಲ್ಲ.

ಸಂಜೆಯಿಂದ ಯಾಕೆ ಪದೇ ಪದೇ? ಭೇದಿ ಶುರುವಾದ ಮೇಲೆ ಕುಡಿದದ್ದು ಮಾಮೂಲಿಯಷ್ಟು ಹೊತ್ತು ಕರುಳಿನಲ್ಲಿ ನಿಲ್ಲುವುದಿಲ್ಲ. ವಾಕರಿಕೆಯಿಂದ ಜ್ಯೂಸ್ ಕುಡಿಯಲು ಮನಸ್ಸಾಗುವುದಿಲ್ಲ. ಹೊಟ್ಟೆಯಲ್ಲೆಲ್ಲ ಒಂದು ಲೀಟರ್ ಔಷಧಿ ನೀರೇ ತುಂಬಿರುತ್ತದೆ. ಆ ಪುಡಿ ಮುಕ್ಕಾಲುಪಾಲು ಪಾಲಿಎಥಿಲೀನ್ ಗ್ಲೈಕಾಲ್, ರಕ್ತಕ್ಕೆ ಸೇರುವ ಸಕ್ಕರೆ ಅಲ್ಲ. ಎರಡು ಲೀಟರ್ ಕುಡಿದರೂ ಶುಗರ್‌ಗೆ ಅದರಿಂದ ಏನೂ ಸಿಗದು. ಸಿಹಿ ರುಚಿ ಇದೆ ಅಂತ ಮೋಸ ಹೋಗಬೇಡಿ.

ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ಶುಗರ್ ಇಳಿದಾಗ ಆಗುವ ಸುಸ್ತು, ಬೆವರು, ತಲೆ ತಿರುಗು, ಕೈ ನಡುಕ ಇವೆಲ್ಲ ಹತ್ತು ಸಲ ಕಕ್ಕಸ್ಸಿಗೆ ಹೋದವರಿಗೂ ಆಗುತ್ತವೆ. ಎರಡನ್ನೂ ಮುಖ ನೋಡಿ ಬೇರ್ಪಡಿಸುವುದು ನನಗೂ ಆಗುವುದಿಲ್ಲ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರು ಕೊಲೊನೋಸ್ಕೋಪಿಗೆ ಅಂತ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಮನೆಯವರು "ರಾತ್ರಿಯೆಲ್ಲ ನಿದ್ದೆ ಇಲ್ಲ, ಮೋಷನ್ ಆಗಿ ಸುಸ್ತಾಗಿದ್ದಾರೆ" ಅಂತ ಅವರನ್ನು ಒರಗಿಸಿಕೊಂಡಿದ್ದರು. ನರ್ಸ್ ಚುಚ್ಚಿ ನೋಡಿದಾಗ 48. ಹಿಂದಿನ ದಿನ ಬೆಳಗ್ಗೆ ಆರಕ್ಕೆ ನೋಡಿದ್ದೇ ಕೊನೆ, ಆಮೇಲೆ ಒಂದು ಸಲವೂ ನೋಡಿರಲಿಲ್ಲ. ಅದಕ್ಕಿಂತ ಸಂಕಟದ ವಿಷಯ ಅಂದರೆ ಮನೆಯವರು ಬಹಳ ಕಾಳಜಿಯಿಂದ ಎಲ್ಲವನ್ನೂ ಸಕ್ಕರೆ ಇಲ್ಲದೆ ಕೊಟ್ಟಿದ್ದರು: ಉಪ್ಪು ಹಾಕಿದ ನಿಂಬೆ ನೀರು, ಬೇಳೆ ಕಟ್ಟಿನ ತಿಳಿ, ಸಕ್ಕರೆ ಇಲ್ಲದ ಕಪ್ಪು ಟೀ. ಶುಗರ್ ಇರುವವರಲ್ವಾ ಅಂತ.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಸಕ್ಕರೆ ಇರುವ ನೀರು ಕೊಡಬಹುದು, ಕೊಡಲೇಬೇಕು. ಅವತ್ತು ಅದೇ ಅವರ ಊಟ. ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟದ ಹೊತ್ತಿಗೆ 40–45 ಗ್ರಾಂ ಸಕ್ಕರೆಯಷ್ಟು, ನಡುವೆ ಎರಡು ಮೂರು ಸಲ 15 ಗ್ರಾಂನಷ್ಟು ಹೊಟ್ಟೆಗೆ ಹೋದರೆ ಸಾಕು. 15 ಗ್ರಾಂ ಅಂದರೆ ಮೂರು ಟೀ ಚಮಚ ಸಕ್ಕರೆ, ಅಥವಾ ಸೋಸಿದ ತಿಳಿ ಆಪಲ್ ಜ್ಯೂಸ್ ಸುಮಾರು 150 ಮಿಲಿ. 45 ಅಂದರೆ ಒಂದು ದೊಡ್ಡ ಲೋಟ ಜ್ಯೂಸ್, ಜೊತೆಗೆ ಎರಡು ಮೂರು ಚಮಚ ಸಕ್ಕರೆ ಹಾಕಿದ ಕಪ್ಪು ಟೀ. ಒಂದೇ ಗುಟುಕಿಗೆ ಬೇಡ, ಒಂದು ಗಂಟೆಯಲ್ಲಿ ನಿಧಾನವಾಗಿ.

ಎಳನೀರಿನ ಬಗ್ಗೆ ನಮ್ಮಲ್ಲಿ ದೊಡ್ಡ ನಂಬಿಕೆ ಇದೆ. ಕುಡಿಯಲಿ, ಒಳ್ಳೆಯದೇ. ಆದರೆ ಒಂದು ಎಳನೀರಿನಲ್ಲಿ ಸಿಗುವುದು ಹತ್ತು ಗ್ರಾಂ ಆಸುಪಾಸು ಸಕ್ಕರೆ. ಊಟದ ಬದಲಿಗೆ ಅದೊಂದೇ ಸಾಲದು. ಕಿಡ್ನಿ ತೊಂದರೆ ಇದ್ದವರಿಗೆ ಅದರಲ್ಲಿರುವ ಪೊಟ್ಯಾಸಿಯಂ ಕಾರಣಕ್ಕೆ ಬೇಡ. ಬೇಳೆ ಕಟ್ಟು, ಸೋಸಿದ ತಿಳಿಸಾರು ಬಾಯಿ ರುಚಿಗೆ, ಉಪ್ಪಿಗೆ ಚೆನ್ನ. ಸಕ್ಕರೆ ಲೆಕ್ಕದಲ್ಲಿ ಅವು ಸೊನ್ನೆ ಅಂತಲೇ ಇಟ್ಟುಕೊಳ್ಳಿ. ಮಜ್ಜಿಗೆ, ಹಾಲು, ರಾಗಿ ಗಂಜಿ ಇವು ತಿಳಿ ದ್ರವ ಅಲ್ಲ. ದಾಳಿಂಬೆ, ದ್ರಾಕ್ಷಿಯಂಥ ಕೆಂಪು ಅಥವಾ ನೇರಳೆ ಬಣ್ಣದ ಜ್ಯೂಸ್ ಬೇಡ, ಕರುಳಿನೊಳಗೆ ರಕ್ತದ ಹಾಗೆ ಕಾಣುತ್ತದೆ.

ಇನ್ನು ಮೀಟರಿನ ಅಂಕಿ ಬಂದಾಗ ಏನು ಮಾಡಬೇಕು. ಅವತ್ತಿನ ಗುರಿ ಬೇರೆ. 110ರಿಂದ 200ರ ನಡುವೆ ಇದ್ದರೆ ನನಗೆ ನೆಮ್ಮದಿ. ಹಾಗೇ ಕುಡಿಸುತ್ತಾ ಹೋಗಿ. 70ರಿಂದ 110ರ ನಡುವೆ ಬಂದರೆ ಮಾಮೂಲಿ ದಿನವಾಗಿದ್ದರೆ "ಸೂಪರ್" ಅನ್ನುತ್ತಿದ್ದೆವು. ಅವತ್ತು ಅದು ಎಚ್ಚರಿಕೆ. ಇನ್ಸುಲಿನ್ ಇನ್ನೂ ಕೆಲಸ ಮಾಡುತ್ತಿದೆ, ಮುಂದೆ ಊಟ ಇಲ್ಲ. ಆಗಲೇ 15 ಗ್ರಾಂ ಕೊಟ್ಟು, ಒಂದು ಗಂಟೆಗೆ ಮತ್ತೆ ನೋಡಿ. ರಾತ್ರಿ ಹತ್ತರ ಅಂಕಿ 120ಕ್ಕಿಂತ ಕಡಿಮೆ ಇದ್ದರೆ ಗ್ಲಾರ್ಜಿನ್ ಹಾಕುವ ಮುಂಚೆ ವೈದ್ಯರಿಗೆ ಒಂದು ಫೋನ್ ಮಾಡಿ, ಡೋಸ್ ಇನ್ನೂ ಇಳಿಸುವುದಾ ಅಂತ ಕೇಳಿ. ಏನಾದರೂ ಸಿಹಿ ಕುಡಿಸದೆ ಮಲಗಿಸಬೇಡಿ.

200 ದಾಟಿ 230, 260 ಬಂದರೆ? ಜ್ಯೂಸ್ ಕುಡಿದು ಅರ್ಧ ಗಂಟೆಗೆ ನೋಡಿದರೆ ಹಾಗೆ ಬರುವುದು ಸಹಜ. ಅದನ್ನು ಇಳಿಸಲು ಗ್ಲಿಮೆಪಿರೈಡ್ ಕೊಡಬೇಡಿ, ಎಕ್ಸ್‌ಟ್ರಾ ಇನ್ಸುಲಿನ್ ಹಾಕಬೇಡಿ. ಒಂದೆರಡು ಗಂಟೆ ಸಕ್ಕರೆ ಇಲ್ಲದ ದ್ರವ ಕೊಡಿ, ನೀರು, ತಿಳಿಸಾರು, ಕಪ್ಪು ಟೀ. ಎರಡು ಗಂಟೆಗೆ ಮತ್ತೆ ನೋಡಿ. ತಾನಾಗೇ ಇಳಿದಿರುತ್ತದೆ. ಎರಡು ಸಲ ನೋಡಿದಾಗಲೂ 300 ದಾಟಿದರೆ ಫೋನ್ ಮಾಡಿ. ಒಂದು ದಿನ 220 ಇದ್ದರೆ ಯಾರಿಗೂ ಏನೂ ಆಗುವುದಿಲ್ಲ. ರಾತ್ರಿ ಎರಡು ಗಂಟೆಗೆ 45 ಆದರೆ ಆಗುತ್ತದೆ.

70ಕ್ಕಿಂತ ಕೆಳಗೆ ಬಂದರೆ ತಡ ಮಾಡಬೇಡಿ. ಇಲ್ಲಿ ನಿಮ್ಮ ತಂದೆಯವರ ಮಾತ್ರೆಯ ಮೂರನೇ ಹೆಸರು, ವೋಗ್ಲಿಬೋಸ್, ಲೆಕ್ಕಕ್ಕೆ ಬರುತ್ತದೆ. ನಾವು ಅಡುಗೆಮನೆಯಲ್ಲಿ ಬಳಸುವ ಸಕ್ಕರೆ ಎರಡು ತುಂಡು ಅಂಟಿಕೊಂಡಂಥ ಪದಾರ್ಥ. ಕರುಳು ಅದನ್ನು ಕತ್ತರಿಸಿದ ಮೇಲೆಯೇ ಅದರೊಳಗಿನ ಗ್ಲುಕೋಸ್ ರಕ್ತಕ್ಕೆ ಹೋಗುವುದು. ವೋಗ್ಲಿಬೋಸ್ ಆ ಕತ್ತರಿಯನ್ನೇ ಹಿಡಿದು ನಿಲ್ಲಿಸುತ್ತದೆ. ಹಾಗಾಗಿ ಆ ಮಾತ್ರೆ ನುಂಗಿದ ಕೆಲವು ಗಂಟೆಗಳಲ್ಲಿ ಲೋ ಶುಗರ್ ಆದರೆ ಸಕ್ಕರೆ ನೀರು, ಬೆಲ್ಲ, ಚಾಕೊಲೇಟ್ ಕೊಟ್ಟು ಕಾದು ಕೂತರೆ ಅಂಕಿ ಬೇಗ ಏಳುವುದಿಲ್ಲ. ಗ್ಲುಕೋಸ್ ಪುಡಿ ಮಾತ್ರ ನೇರವಾಗಿ ರಕ್ತಕ್ಕೆ ಸೇರುತ್ತದೆ, ಅದನ್ನು ಕತ್ತರಿಸಬೇಕಿಲ್ಲ. ಬುಧವಾರ ಬೆಳಗ್ಗೆಯೇ ಆ ಮಾತ್ರೆ ನಿಂತಿದ್ದರೆ ಗುರುವಾರ ಈ ತೊಂದರೆ ಇರಬಾರದು. ಆದರೆ ರೂಢಿಯ ಮೇಲೆ ಕೈ ಮಾತ್ರೆ ಡಬ್ಬಿಗೆ ಹೋಗುವುದು ಹೊಸದೇನಲ್ಲ. ಆ ಎರಡು ದಿನ ಡಬ್ಬಿಯನ್ನು ಬೀರುವಿನಲ್ಲಿ ಇಡಿ. ಲೋ ಶುಗರ್‌ಗೆ ಅಂತಲೇ ಬಿಳಿ ಗ್ಲುಕೋಸ್ ಪುಡಿಯ ಪ್ಯಾಕೆಟ್ ಒಂದು ತಂದಿಡಿ.

ಮೂರು ಟೀ ಚಮಚ ತುಂಬಾ ಗ್ಲುಕೋಸ್ ಪುಡಿ, ಅರ್ಧ ಲೋಟ ನೀರಿಗೆ. ಹದಿನೈದು ನಿಮಿಷಕ್ಕೆ ಮತ್ತೆ ಚುಚ್ಚಿ ನೋಡಿ. ಇನ್ನೂ 70ರ ಕೆಳಗಿದ್ದರೆ ಇನ್ನೊಮ್ಮೆ ಅಷ್ಟೇ. ಮೇಲೆ ಬಂದ ಮೇಲೆ ಮಾಮೂಲಿ ದಿನ ಆಗಿದ್ದರೆ ಒಂದು ಇಡ್ಲಿ ಕೊಡಿ ಅನ್ನುತ್ತಿದ್ದೆ. ಅವತ್ತು ಅದಿಲ್ಲ, ಹಾಗಾಗಿ ಒಂದು ಸಣ್ಣ ಲೋಟ ಜ್ಯೂಸ್ ಕೊಟ್ಟು ಒಂದು ಗಂಟೆಗೆ ಮತ್ತೆ ನೋಡಿ. ಒಮ್ಮೆ ಇಳಿಸಿದ ಇನ್ಸುಲಿನ್ ಇನ್ನೊಮ್ಮೆ ಇಳಿಸುತ್ತದೆ. ಮಾತು ತೊದಲುತ್ತಿದ್ದರೆ, ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ಏನೂ ಹುಯ್ಯಬೇಡಿ, ಗಂಟಲಿಗೆ ಹೋಗುತ್ತದೆ. 108ಕ್ಕೆ ಕರೆ ಮಾಡಿ. ತಂದೆಯವರು ಬಿಪಿ ಅಥವಾ ಹೃದಯಕ್ಕೆ ಮೆಟೊಪ್ರೊಲಾಲ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಡುಕ, ಎದೆಬಡಿತ ಗೊತ್ತಾಗದೇ ಇರಬಹುದು. ಬೆವರು ಮಾತ್ರ ಬರುತ್ತದೆ. ಫ್ಯಾನ್ ಕೆಳಗೆ ಕೂತು ಬೆವರಿದರೆ ಚುಚ್ಚಿ ನೋಡಿ.

ಈಗ ಡಾಪಾಗ್ಲಿಫ್ಲೋಜಿನ್. ಮೇಲೆ ಹೇಳಿದ್ದೆಲ್ಲ ಮೀಟರನ್ನು ನಂಬಿಕೊಂಡು ಹೇಳಿದ್ದು. ಮೀಟರ್ ಸರಿಯಾದ ಅಂಕಿ ತೋರಿಸಿಯೂ ನಮ್ಮನ್ನು ದಾರಿ ತಪ್ಪಿಸುವ ಸಂದರ್ಭ ಇದೊಂದು. ಈ ಮಾತ್ರೆ ಸಕ್ಕರೆಯನ್ನು ಮೂತ್ರಕ್ಕೆ ತಳ್ಳುತ್ತದೆ. ಊಟವಿಲ್ಲದೆ, ಇನ್ಸುಲಿನ್ ಕಡಿಮೆ ಮಾಡಿಕೊಂಡು, ಭೇದಿಯಿಂದ ನೀರು ಕಳೆದುಕೊಂಡಾಗ ದೇಹ ಕೊಬ್ಬನ್ನು ಸುಡಲು ಶುರು ಮಾಡುತ್ತದೆ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ತುಂಬುತ್ತದೆ. ಮಾಮೂಲಿಯಾಗಿ ಕೀಟೋನ್ ಏರಿದಾಗ ಶುಗರ್ 300, 400 ಇರುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ಈ ಮಾತ್ರೆಯಲ್ಲಿ ಸಕ್ಕರೆ ಮೂತ್ರದಲ್ಲಿ ಸೋರಿ ಹೋಗುತ್ತಿರುವುದರಿಂದ ಮೀಟರ್ 160, 180 ಅಂತ ತೋರಿಸುತ್ತದೆ. ಎಲ್ಲರೂ ಶುಗರ್ ಚೆನ್ನಾಗಿದೆ ಅಂದುಕೊಳ್ಳುತ್ತಾರೆ.

ಒಬ್ಬ ಹೆಂಗಸು ಮಾತ್ರೆ ನಿಲ್ಲಿಸದೆ ಕೊಲೊನೋಸ್ಕೋಪಿ ಮಾಡಿಸಿಕೊಂಡು ಮನೆಗೆ ಹೋಗಿ, ಸಂಜೆ ವಾಂತಿ ಅಂತ ಬಂದರು. ಮನೆಯವರು "ಶುಗರ್ 164 ಇದೆ ಡಾಕ್ಟ್ರೇ, ಗ್ಯಾಸ್ ಇರಬೇಕು" ಅಂದರು. ಉಸಿರು ಜೋರಾಗಿತ್ತು. ಬೆರಳಿನಿಂದಲೇ ರಕ್ತದ ಕೀಟೋನ್ ನೋಡಿದರೆ 4ರ ಮೇಲೆ. ಅದು 0.6ರ ಒಳಗಿರಬೇಕು. 1.5 ದಾಟಿದರೆ ಎಚ್ಚರ, 3 ಮುಟ್ಟಿದರೆ ತುರ್ತು. ಎರಡು ದಿನ ಐಸಿಯುನಲ್ಲಿದ್ದು ಹುಷಾರಾದರು. ಹಾಗಾಗಿ ನೆನಪಿಡಿ, ಈ ಮಾತ್ರೆ ತೆಗೆದುಕೊಂಡ ದಿನಗಳ ಆಸುಪಾಸಿನಲ್ಲಿ ವಾಂತಿ ನಿಲ್ಲದಿದ್ದರೆ, ಹೊಟ್ಟೆ ನೋವು ಬಂದರೆ, ಉಸಿರು ಜೋರಾದರೆ ಮೀಟರಿನ ಅಂಕಿ ಎಷ್ಟೇ ಇರಲಿ ಆಸ್ಪತ್ರೆಗೆ ಹೋಗಿ, "ಡಾಪಾಗ್ಲಿಫ್ಲೋಜಿನ್ ತಗೋತಿದ್ರು, ಕೀಟೋನ್ ನೋಡಿ" ಅಂತ ನೀವೇ ಹೇಳಿ. ಮೂತ್ರದ ಕೀಟೋನ್ ಪಟ್ಟಿ ಇಲ್ಲಿ ಅಷ್ಟು ನೆಚ್ಚಿಗೆಯದಲ್ಲ, ರಕ್ತದ್ದೇ ಬೇಕು.

ನಿಮಗೆ ಇದು ಬೇರೆ ಮಾತ್ರೆಯಾಗಿ ಗೊತ್ತಿದೆ, ಒಳ್ಳೆಯದು. ಬಹಳ ಜನರಿಗೆ ಅದು ಮೆಟ್‌ಫಾರ್ಮಿನ್ ಜೊತೆ, ಸಿಟಾಗ್ಲಿಪ್ಟಿನ್ ಅಥವಾ ವಿಲ್ಡಾಗ್ಲಿಪ್ಟಿನ್ ಜೊತೆ ಒಂದೇ ಮಾತ್ರೆಯಲ್ಲಿ ಸೇರಿರುತ್ತದೆ. ಅಂಥವರು "ನಾನು ಅದನ್ನು ತಗೊಳ್ಳಲ್ಲ" ಅನ್ನುತ್ತಾರೆ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಓದಿ, ಹೆಸರಿನ ಕೊನೆ "ಗ್ಲಿಫ್ಲೋಜಿನ್" ಅಂತ ಇದ್ದರೆ ಇದೇ ಜಾತಿ. ವಾರಕ್ಕೊಮ್ಮೆ ಚುಚ್ಚುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಬೇರೆ ಜಾತಿ. ಅವು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ, ಹಾಗಾಗಿ ಮತ್ತು ಬರಿಸುವ ವೈದ್ಯರಿಗೆ ಮೊದಲೇ ಹೇಳಬೇಕು.

ಅಂಕಿಯೇ ತಪ್ಪು ಬರುವುದೂ ಉಂಟು. ಅವತ್ತು ಮನೆಯಲ್ಲಿ ಎಲ್ಲರ ಕೈಯಲ್ಲೂ ಜ್ಯೂಸ್, ಗ್ಲುಕೋಸ್ ಪುಡಿ. ಬೆರಳಿಗೆ ಅಂಟಿದ ಪುಡಿ ಕಣ್ಣಿಗೆ ಕಾಣುವುದಿಲ್ಲ, ಸ್ಟ್ರಿಪ್ಪಿಗೆ ಕಾಣುತ್ತದೆ. ನಿಜವಾಗಿ 65 ಇರುವವರಿಗೆ 240 ತೋರಿಸಿದರೆ ಏನಾಗುತ್ತದೆ ಯೋಚಿಸಿ. ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಕ್ಕರೆ ಪೂರ್ತಿ ಹೋಗದು. ಸೋಪು ನೀರಿನಲ್ಲಿ ತೊಳೆದು, ಚೆನ್ನಾಗಿ ಒರೆಸಿ, ಆಮೇಲೆ ಚುಚ್ಚಿ. ಅನುಮಾನ ಬಂದರೆ ಇನ್ನೊಂದು ಕೈಯ ಬೆರಳು ತೊಳೆದು ನೋಡಿ. ಬೆಳಗಿನ ಜಾವ ಕೈ ತಣ್ಣಗಿದ್ದು ರಕ್ತ ಬರದಿದ್ದರೆ ಹಿಂಡಿ ಹಿಂಡಿ ತೆಗೆಯಬೇಡಿ. ಬಿಸಿ ನೀರಿನಲ್ಲಿ ಒಂದು ನಿಮಿಷ ಕೈ ಇಟ್ಟು, ಕೆಳಗೆ ಇಳಿಬಿಟ್ಟು ಚುಚ್ಚಿ.

ತೋಳಿಗೆ ಅಂಟಿಸುವ ಸೆನ್ಸಾರ್ ಹಾಕಿಕೊಂಡಿರುವ ಓದುಗರಿಗೂ ಒಂದು ಮಾತು. ಅದು ಚರ್ಮದ ಕೆಳಗಿನ ದ್ರವದ ಸಕ್ಕರೆ ನೋಡುತ್ತದೆ, ರಕ್ತಕ್ಕಿಂತ ಹತ್ತು ನಿಮಿಷದಷ್ಟು ಹಿಂದೆ ಇರುತ್ತದೆ. ಶುಗರ್ ಬೇಗ ಇಳಿಯುವಾಗ ಆ ಹತ್ತು ನಿಮಿಷವೇ ತುಟ್ಟಿ. ಕರುಳು ಖಾಲಿ ಮಾಡುವ ಕೆಲವು ಪುಡಿಗಳಲ್ಲಿ ಆಸ್ಕಾರ್ಬಿಕ್ ಆಸಿಡ್, ಅಂದರೆ ವಿಟಮಿನ್ ಸಿ, ಗ್ರಾಂಗಟ್ಟಲೆ ಇರುತ್ತದೆ. ಕೆಲವು ಸೆನ್ಸಾರ್‌ಗಳು ಅದನ್ನು ಸಕ್ಕರೆ ಅಂತ ತಿಳಿದು ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ. ಪ್ಯಾಕೆಟ್ ಮೇಲೆ ಆ ಹೆಸರು ಇದ್ದರೆ ಆ ದಿನ ಸೆನ್ಸಾರ್ ಬಾಣ ಯಾವ ಕಡೆ ಹೋಗುತ್ತಿದೆ ಅಂತ ನೋಡಲು ಸಾಕು, ನಿರ್ಧಾರ ಬೆರಳಿನ ರಕ್ತದ ಮೇಲೆ. ಟೈಪ್ 1 ಇರುವವರು ಈ ಬರಹ ನೋಡಿ ದೀರ್ಘಕಾಲದ ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ. ಅವರಿಗೆ ಡೋಸ್ ಇಳಿಸಬಹುದು, ಸೊನ್ನೆ ಮಾಡುವ ಹಾಗಿಲ್ಲ.

ಶುಕ್ರವಾರದ ಬೆಳಗಿನ ಜಾವ ನನಗೆ ಅತ್ಯಂತ ಚಿಂತೆ ತರುವ ಹೊತ್ತು. ಕತ್ತಲು, ನಿದ್ದೆಗಣ್ಣು, ಮತ್ತೆ ಒಂದು ಲೀಟರ್. 4ಕ್ಕೆ ಎದ್ದು ಮೊದಲು ಶುಗರ್, ಆಮೇಲೆ ಪುಡಿಯ ನೀರು. ಬಚ್ಚಲಿನ ಚಿಲಕ ಹಾಕಿಕೊಳ್ಳಬೇಡಿ ಅಂತ ತಂದೆಯವರಿಗೆ ಹೇಳಿ, ಹೊರಗೆ ಒಬ್ಬರು ಇರಿ. ಮೀಟರ್, ಗ್ಲುಕೋಸ್ ಪುಡಿ ಅಲ್ಲೇ ಸ್ಟೂಲಿನ ಮೇಲೆ ಇರಲಿ. ಪುಡಿಯ ನೀರು ಐದೂವರೆ, ಆರರೊಳಗೆ ಮುಗಿದರೆ ಒಳ್ಳೆಯದು. ಸಾಮಾನ್ಯವಾಗಿ ತಿಳಿ ದ್ರವವನ್ನು ಪರೀಕ್ಷೆಗೆ ಎರಡು ಗಂಟೆ ಮುಂಚಿನವರೆಗೆ ಕುಡಿಯಬಹುದು, ನಿಮಗೆ ಅದು 7 ಗಂಟೆ. ನಿಮ್ಮ ಆಸ್ಪತ್ರೆ ಬೇರೆ ಹೊತ್ತು ಹೇಳಿದ್ದರೆ ಅದೇ ಸರಿ. 6:45ಕ್ಕೆ ಒಂದು ಪರೀಕ್ಷೆ ಇಟ್ಟಿರುವುದು ಇದಕ್ಕೇ. 110 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಏಳರೊಳಗೆ 15 ಗ್ರಾಂ ಕುಡಿಸಿಬಿಡಿ.

ಏಳರ ನಂತರ 70ಕ್ಕಿಂತ ಕೆಳಗೆ ಹೋದರೆ? ಪರೀಕ್ಷೆ ತಪ್ಪಿಹೋಗುತ್ತೆ ಅಂತ ತಡೆದುಕೊಂಡು ಹೋಗುವವರು ಇದ್ದಾರೆ. ಬೇಡ. ಗ್ಲುಕೋಸ್ ಪುಡಿಯನ್ನು ಸ್ವಲ್ಪವೇ ನೀರಿನಲ್ಲಿ ಕಲಸಿ ಕೊಡಿ, ಆಸ್ಪತ್ರೆಗೆ ಫೋನ್ ಮಾಡಿ ಹೇಳಿ. ಅವರು ಒಂದೆರಡು ಗಂಟೆ ಮುಂದೆ ಹಾಕಬಹುದು, ಡ್ರಿಪ್‌ನಲ್ಲಿ ಗ್ಲುಕೋಸ್ ಕೊಡಬಹುದು. ಬಚ್ಚಿಟ್ಟರೆ ಮಾತ್ರ ಕಷ್ಟ. ಮತ್ತಿನ ಇಂಜೆಕ್ಷನ್ ಆದ ಮೇಲೆ ಬೆವರಿದರೂ ಮಂಕಾದರೂ ಅದು ಮತ್ತಿನದೇ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೊತ್ತು, ಅಂಕಿ, ಏನು ಕುಡಿದರು, ಇನ್ಸುಲಿನ್ ಎಷ್ಟು ಅಂತ ಬರೆದ ಒಂದು ಹಾಳೆ ನರ್ಸ್ ಕೈಗೆ ಕೊಡಿ. ತಂದೆಯವರೇ ಗಾಡಿ ಓಡಿಸಿಕೊಂಡು ಬರುವುದು ಬೇಡ, ಹೋಗುವಾಗಲೂ.

ಪರೀಕ್ಷೆ ಮುಗಿದು ಮನೆಗೆ ಹೊರಡುವ ಮುಂಚೆ ಒಂದು ಸಲ ನೋಡಿ. ಮೊದಲ ತುತ್ತು ತಿನ್ನುವ ಮುಂಚೆ ಇನ್ನೊಂದು ಸಲ. ಇಲ್ಲಿ ಒಂದು ಜಾಗ್ರತೆ ಬೇಕು. ಊಟಕ್ಕೆ ಕೂತ ತಕ್ಷಣ ಪೂರ್ತಿ ಮಾತ್ರೆ ನುಂಗಿಬಿಡುತ್ತಾರೆ, ಹೊಟ್ಟೆ ಉಬ್ಬರದಿಂದ ಎರಡು ತುತ್ತಿಗೆ ಸಾಕು ಅನ್ನುತ್ತಾರೆ. ಮಧ್ಯಾಹ್ನ ಮೊಸರನ್ನ ಎಷ್ಟು ಸೇರುತ್ತದೆ ನೋಡಿ. ಸೇರಿದರೆ ರಾತ್ರಿ ಊಟದಿಂದ ಆ ಮಾತ್ರೆ ಶುರು ಮಾಡಬಹುದು. ಕರುಳಿನೊಳಗಿನ ಸಣ್ಣ ಗಂಟು, ಅಂದರೆ ಪಾಲಿಪ್, ತೆಗೆದಿದ್ದರೆ, ಇಲ್ಲವೇ ಕಿಡ್ನಿ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ ಶುರು ಮಾಡಿ. ಗ್ಲಾರ್ಜಿನ್ ಶುಕ್ರವಾರ ರಾತ್ರಿ, ಚೆನ್ನಾಗಿ ಉಂಡಿದ್ದರೆ ಮಾಮೂಲಿ 18. ಅರ್ಧಂಬರ್ಧ ಉಂಡಿದ್ದರೆ 14ಕ್ಕೇ ನಿಲ್ಲಿಸಿ, ಮಲಗುವ ಮುಂಚೆ ಚುಚ್ಚಿ ನೋಡಿ. ಡಾಪಾಗ್ಲಿಫ್ಲೋಜಿನ್‌ಗೆ ಅವಸರ ಇಲ್ಲ. ಒಂದು ಪೂರ್ತಿ ದಿನ ಮೂರು ಹೊತ್ತೂ ಸರಿಯಾಗಿ ಉಂಡು, ನೀರು ಕುಡಿದು, ವಾಂತಿ ಇಲ್ಲ ಅಂತಾದ ಮೇಲೆ, ಅಂದರೆ ಭಾನುವಾರ ಬೆಳಗ್ಗೆ.